ಪ್ರಿಂಟ್ ಮಾಡಿ ಆಡುವ ಬೋರ್ಡ್ ಗೇಮ್ ಫೈಲ್ ಕೊಳ್ಳುವ ಮುಂಚೆ ಇದನ್ನು ಓದಿ

ಇನ್ನೂ ಸಿಟ್ಟು ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ. "ಬೋರ್ಡ್, ಕಾರ್ಡ್, ಕಾಯಿ ಎಲ್ಲವೂ ಮಾಮೂಲಿ ಆಫೀಸ್ ಹಾಳೆಯಲ್ಲೇ ಬರುತ್ತವೆ" ಅಂತ ಹಾಕಿದ್ದ ಆಟದ PDF ಒಂದನ್ನು ದುಡ್ಡು ಕೊಟ್ಟು ತೆಗೆದುಕೊಂಡೆ. ಸುಮ್ನೆ ಕಣ್ಣುಮುಚ್ಚಿ ತೆಗೆದುಕೊಳ್ಳಲಿಲ್ಲ. ಮೊದಲು ಸ್ಯಾಂಪಲ್ ಕೇಳಿದೆ. ಒಂದು ಕಾರ್ಡ್ ಪುಟ ಕಳಿಸಿದರು. 210 × 297 ಮಿ.ಮೀ., ಅಂದರೆ ಅಪ್ಪಟ A4. ನಂಬಿದೆ.

ದಪ್ಪ ಹಾಳೆ ತಂದು ಎಲ್ಲವನ್ನೂ Actual size ಇಟ್ಟು ಪ್ರಿಂಟ್ ಮಾಡಿದೆ. ಕಾರ್ಡ್, ಕಾಯಿ ಚೆನ್ನಾಗಿಯೇ ಬಂದವು. ಅರ್ಧ ದಿನ ಕೂತು ಕತ್ತರಿಸಿದೆ. ಬೋರ್ಡು ನಾಲ್ಕು ಹಾಳೆಯದ್ದು. ಜೋಡಿಸಿ ನೋಡಿದರೆ ನಡುವಿನ ಸಾಲಿನ ಮನೆಗಳೇ ಇಲ್ಲ! ಇಲ್ಲ ಅಂದರೆ, 25 ಮಿ.ಮೀ. ಇರಬೇಕಾದ ಮನೆ 18ಕ್ಕೆ ಇಳಿದಿದೆ. ಆಡಲು ಬಂದವರೆಲ್ಲ ಸುತ್ತ ಕೂತಿದ್ದರು. ಅವರ ಮುಂದೆ ಅಳತೆಪಟ್ಟಿ ಹಿಡಿದು ನಿಂತಾಗ ಆದ ಅವಮಾನ ಹೇಳಲಾರೆ.

ಆಮೇಲೆ ಬೋರ್ಡಿನ ಪುಟಕ್ಕೆ ಹೋಗಿ ಅಳತೆ ನೋಡಿದೆ. 215.9 × 279.4. ಅದು Letter ಹಾಳೆ, ಅಮೆರಿಕದ ಅಳತೆ! ಒಂದೇ ಫೈಲಿನಲ್ಲಿ ಕಾರ್ಡ್ A4, ಬೋರ್ಡ್ Letter. ಅದೂ ಚಿತ್ರ ಹಾಳೆಯ ಅಂಚಿನವರೆಗೂ ಇದೆ. A4ಗಿಂತ ಅದು ಸುಮಾರು 6 ಮಿ.ಮೀ. ಅಗಲ, ಹಾಗಾಗಿ ಪ್ರತಿ ಬದಿಯಲ್ಲಿ 3 ಹೋಯಿತು. ಮನೆಯ ಪ್ರಿಂಟರ್ ಅಂಚಿನಲ್ಲಿ ಬಿಡುವ ಜಾಗ ಇನ್ನೊಂದು 4. ಒಟ್ಟು 7 ಮಿ.ಮೀ. ಮನೆಯನ್ನು ತಿಂದಿದ್ದು ಇದೇ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ಬಂದ ಉತ್ತರ: "ನಿಮ್ಮ ಪ್ರಿಂಟರ್ ಸೆಟ್ಟಿಂಗ್ ಸರಿ ಇಲ್ಲ." ಪುಟದ ಅಳತೆಯನ್ನೇ ಬರೆದು ಕಳಿಸಿದೆ. "Fit ಇಟ್ಟು ಪ್ರಿಂಟ್ ಮಾಡಿ, ಎಲ್ಲರಿಗೂ ಸರಿ ಬರುತ್ತೆ" ಅಂದರು. ಎಲ್ಲರಿಗೂ ಅಂತೆ! ಅದನ್ನೂ ಮಾಡಿದೆ. ಬೋರ್ಡು ಸುಮಾರು 93%ಗೆ ಕುಗ್ಗಿತು, 25ರ ಮನೆ 23 ಚಿಲ್ಲರೆ ಆಯಿತು. ಕಾಯಿಯ ಅಗಲ 24. ಪಕ್ಕಪಕ್ಕದ ಮನೆಯಲ್ಲಿ ಎರಡು ಕಾಯಿ ಇಟ್ಟರೆ ಒಂದನ್ನೊಂದು ತಳ್ಳುತ್ತವೆ. ಅದನ್ನೂ ಹೇಳಿದೆ. "ಹಾಗಾದರೆ ಕಾಯಿಯನ್ನೂ ಚಿಕ್ಕದಾಗಿ ಪ್ರಿಂಟ್ ಮಾಡಿ." ಅಂದರೆ ಕತ್ತರಿಸಿದ್ದನ್ನೆಲ್ಲ ಎಸೆದು ಮತ್ತೆ ಶುರು ಮಾಡಬೇಕು, ಅಲ್ವಾ? ಬೋರ್ಡಿನ ಪುಟಗಳನ್ನು A4ಗೆ ಮಾಡಿಕೊಡಿ ಅಂತ ಕೇಳಿದ್ದಕ್ಕೆ ಕೊನೆಯ ಉತ್ತರ: "ಡಿಜಿಟಲ್ ಫೈಲ್, ಹಣ ವಾಪಸ್ ಇಲ್ಲ." ನಾನು ಹಣ ಕೇಳಿಯೇ ಇರಲಿಲ್ಲ!

ದಯವಿಟ್ಟು ಸ್ಯಾಂಪಲ್ ಕೇಳುವಾಗ ಬೋರ್ಡಿನ ಪುಟವನ್ನೇ ಕೇಳಿ. ಕಾರ್ಡ್ ಪುಟ ತೋರಿಸಿದರೆ ಒಪ್ಪಬೇಡಿ. ಬೋರ್ಡಿನ ಪುಟಕ್ಕೇ ಹೋಗಿ Document Properties ತೆರೆದು Page Size ನೋಡಿ, ಯಾಕೆಂದರೆ ಅದು ಎದುರಿಗಿರುವ ಪುಟದ ಅಳತೆ ಮಾತ್ರ ತೋರಿಸುತ್ತದೆ. ಚಿತ್ರದ ಸುತ್ತ ಬಿಳಿ ಅಂಚು ಇದೆಯಾ ನೋಡಿ. ಮೊದಲು ತೆಳು ಹಾಳೆಯಲ್ಲಿ ಬೋರ್ಡಿನ ಎರಡು ಪುಟ ತೆಗೆದು, ಜೋಡಿಸಿ, ಸೇರುವ ಕಡೆಯ ಮನೆ ಅಳೆಯಿರಿ. ಅದಾಗುವವರೆಗೆ ಕತ್ತರಿ ಮುಟ್ಟಬೇಡಿ.