ಮೂರು ವರ್ಷ ಬಳಸಿದ ಮೇಲೆ: ನಮ್ಮ ವಾರ್ಡಿನ ಇ.ಎಚ್‌.ಆರ್. ಸಾಫ್ಟ್‌ವೇರ್ ಬಗ್ಗೆ ಒಬ್ಬ ನರ್ಸ್ ಮಾತು

ನಾನು ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಕಾಗದದ ಕೇಸ್ ಶೀಟ್ ಹೋಗಿ, ರೋಗಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡುವ ಇ.ಎಚ್‌.ಆರ್. ಬಂದು ಮೂರು ವರ್ಷ ಆಯಿತು. ಈ ವರ್ಷ ಎಂ.ಎಸ್ಸಿ. ನರ್ಸಿಂಗ್ ಓದಿಗೆ ಇನ್ಫರ್ಮ್ಯಾಟಿಕ್ಸ್ ಅಸೈನ್‌ಮೆಂಟ್ ಬರೆಯಬೇಕಿತ್ತು. ದಿನವೂ ಕೈಯಲ್ಲಿರುವ ಈ ಸಾಫ್ಟ್‌ವೇರನ್ನೇ ವಿಷಯವಾಗಿ ತಗೊಂಡೆ. ಅಸೈನ್‌ಮೆಂಟ್ ಮುಗಿದಾಗ ನನ್ನ ಅಭಿಪ್ರಾಯವೇ ಬದಲಾಗಿತ್ತು. ಅದಕ್ಕೇ ಈ ವಿಮರ್ಶೆ. ಆಸ್ಪತ್ರೆಯ ಹೆಸರಾಗಲಿ, ಕಂಪನಿಯ ಹೆಸರಾಗಲಿ ಬರೆಯುವುದಿಲ್ಲ. ಇಲ್ಲಿ ಹೇಳುವ ತೊಂದರೆಗಳು ಬೇರೆ ಸಾಫ್ಟ್‌ವೇರ್‌ಗಳಲ್ಲೂ ಇರಬಹುದು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಡಾಕ್ಟರ ಕೈಬರಹ ಓದಲು ಒದ್ದಾಡುವುದು ನಿಂತಿತು. ಲ್ಯಾಬ್ ರಿಪೋರ್ಟಿಗೆ ಫೋನ್ ಮಾಡುವ ಕೆಲಸ ಇಲ್ಲ. ಅಲರ್ಜಿ ಇರುವ ಔಷಧಿ ಬರೆದರೆ ಎಚ್ಚರಿಕೆ ಬರುತ್ತದೆ. ಇವಕ್ಕೆಲ್ಲ ನನ್ನಿಂದ ಪೂರ್ತಿ ಅಂಕ.

ತೊಂದರೆ ಇದ್ದದ್ದು ನಾಡಿ, ಬಿ.ಪಿ., ಉಸಿರಾಟ ಮುಂತಾದವನ್ನು ಬರೆಯುವ ವೈಟಲ್ಸ್ ಪುಟದಲ್ಲಿ. ಅಸೈನ್‌ಮೆಂಟಿಗಾಗಿ ಅನುಮತಿ ಪಡೆದು, ರೋಗಿಗಳ ಹೆಸರು ತೆಗೆಸಿ, ಒಂದು ರಾತ್ರಿಯ ದಾಖಲೆ ನೋಡಿದೆ. ರಾತ್ರಿ 2 ಗಂಟೆಯ ಸುತ್ತಿನಲ್ಲಿ 28 ರೋಗಿಗಳು. ಅದರಲ್ಲಿ 23 ಜನರ ಉಸಿರಾಟ ನಿಮಿಷಕ್ಕೆ 18! ನ್ಯುಮೋನಿಯಾ ಇದ್ದವರಿಗೂ 18, ಡಯಾಬಿಟಿಸ್‌ಗೆಂದು ಬಂದವರಿಗೂ 18. ನಾಡಿ, ಬಿ.ಪಿ., ಆಮ್ಲಜನಕದ ಮಟ್ಟ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ರೀತಿ ಇತ್ತು. ಅವನ್ನು ಮಾನಿಟರ್ ತೋರಿಸುತ್ತದೆ. ಉಸಿರನ್ನು ಮಾತ್ರ ನಾವೇ ಒಂದು ನಿಮಿಷ ನಿಂತು ಎಣಿಸಬೇಕು.

ಆಮೇಲೆ ಯಾರು ಯಾವಾಗ ಏನು ದಾಖಲಿಸಿದರು ಎಂದು ತೋರಿಸುವ ಆಡಿಟ್ ಲಾಗ್ ತೆಗೆಸಿದೆ. ಪುಟದಲ್ಲಿ 'ನೋಡಿದ ಸಮಯ' ಎಂದು 2.00 ಇತ್ತು. ಆದರೆ ಸೇವ್ ಆದದ್ದು 5.40ರಿಂದ 6.05ರ ನಡುವೆ. 28 ಜನರದ್ದೂ ಒಂದೇ ಲಾಗಿನ್‌ನಿಂದ. ಆ ರಾತ್ರಿ ಡ್ಯೂಟಿಯಲ್ಲಿ ಮೂವರಿದ್ದೆವು. ಆ ಲಾಗಿನ್ ನನ್ನದು.

ಇದನ್ನು ಸೋಮಾರಿತನ ಅಂತ ತಳ್ಳಿಹಾಕಬೇಡಿ. ರೋಗಿಯ ಮಾಹಿತಿ ಬೇರೆಯವರಿಗೆ ಕಾಣಬಾರದು ಎಂದು ನಮ್ಮ ಸಾಫ್ಟ್‌ವೇರಿನಲ್ಲಿ 3 ನಿಮಿಷ ಮುಟ್ಟದಿದ್ದರೆ ತಾನಾಗಿ ಲಾಗೌಟ್ ಆಗುತ್ತಿತ್ತು. ಉದ್ದೇಶ ಸರಿಯಾದದ್ದೇ. ಆದರೆ ಒಬ್ಬ ರೋಗಿಯ ಬಿ.ಪಿ. ನೋಡಿ, ಉಸಿರು ಎಣಿಸಿ, ಡ್ರಿಪ್ ಸರಿಮಾಡಿ ಬರುವಷ್ಟರಲ್ಲಿ 3 ನಿಮಿಷ ದಾಟುತ್ತದೆ. ಅರ್ಧ ಬರೆದದ್ದು ಅಳಿಸಿಹೋಗುತ್ತಿತ್ತು. ಮತ್ತೆ ಯೂಸರ್‌ನೇಮ್, ಮತ್ತೆ 10 ಅಕ್ಷರದ ಪಾಸ್‌ವರ್ಡ್. 28 ಸಲ ಯಾರು ಮಾಡುತ್ತಾರೆ? ಹಾಗಾಗಿ ಎಲ್ಲವನ್ನೂ ಕೈಯ ಮೇಲೋ ಚೀಟಿಯಲ್ಲೋ ಬರೆದುಕೊಂಡು, ಬೆಳಗಿನ ಜಾವ ಒಬ್ಬರು ಲಾಗಿನ್ ಆಗಿ, ಮೌಸ್ ಅಲ್ಲಾಡಿಸುತ್ತಾ ಎಲ್ಲರ ಪರವಾಗಿ ತುಂಬುವುದು ರೂಢಿಯಾಯಿತು. ಪುಟದಲ್ಲೇ 'ಹಿಂದಿನದನ್ನು ನಕಲಿಸು' ಎಂಬ ಬಟನ್ ಬೇರೆ ಇತ್ತು. ಚೀಟಿಯಲ್ಲಿ ಉಸಿರಾಟ ಬರೆಯದಿದ್ದರೆ ಬಟನ್ ಒತ್ತಿದರಾಯಿತು, ಹಿಂದಿನ ಪಾಳಿಯ 18 ಬಂದು ಕೂರುತ್ತಿತ್ತು.

ಇದರಿಂದ ರೋಗಿಗೆ ಏನಾಗಬಹುದು ಎಂದು ಲೆಕ್ಕ ಹಾಕಿ ನೋಡಿದೆ. ನಾವು ಬಳಸುವುದು ವೈಟಲ್ಸ್ ಒಂದೊಂದಕ್ಕೂ ಅಂಕ ಕೊಟ್ಟು ರೋಗಿಯ ಸ್ಥಿತಿ ಹದಗೆಡುತ್ತಿದೆಯೇ ಎಂದು ತಿಳಿಸುವ ನ್ಯೂಸ್-2 ಸ್ಕೋರ್. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೊರತಂದದ್ದು. ಎದೆ ಸೋಂಕಿನ ಒಬ್ಬ ರೋಗಿ ಇದ್ದಾರೆ ಅಂದುಕೊಳ್ಳಿ. ಆಮ್ಲಜನಕ ಕೊಡದೆಯೇ ಸ್ಯಾಚುರೇಶನ್ 94, ಅದಕ್ಕೆ 1 ಅಂಕ. ನಾಡಿ 104, 1 ಅಂಕ. ಜ್ವರ 38.2 ಡಿಗ್ರಿ, 1 ಅಂಕ. ಮೇಲಿನ ಬಿ.ಪಿ. 118, ಪ್ರಜ್ಞೆ ಸರಿ ಇದೆ, ಎರಡಕ್ಕೂ ಸೊನ್ನೆ. ಉಸಿರಾಟ ನಿಜವಾಗಿ 24 ಇದ್ದರೆ 2 ಅಂಕ, ಒಟ್ಟು 5. 5 ಬಂದರೆ ಡಾಕ್ಟರನ್ನು ತಕ್ಷಣ ಕರೆಯಬೇಕು, ಕನಿಷ್ಠ ಗಂಟೆಗೊಮ್ಮೆ ವೈಟಲ್ಸ್ ನೋಡಬೇಕು. ನಕಲಿನ 18 ಕೂತರೆ ಉಸಿರಾಟಕ್ಕೆ ಸೊನ್ನೆ, ಒಟ್ಟು 3. ಎಚ್ಚರಿಕೆಯೇ ಬರುವುದಿಲ್ಲ. ಅದೇ ರೋಗಿ, ಅದೇ ರಾತ್ರಿ! 24 ಇದ್ದರೂ ಬೆಳಗ್ಗೆ 6ಕ್ಕೆ ತುಂಬಿದರೆ ಎಚ್ಚರಿಕೆ ನಾಲ್ಕು ಗಂಟೆ ತಡವಾಗಿ ಬಂದ ಹಾಗೆ.

ಗೋಪ್ಯತೆಯ ಕಡೆಯಿಂದ ನೋಡಿದರೂ ನಷ್ಟವೇ. ರೋಗಿಯ ಮಾಹಿತಿಗೆ ತಕ್ಕ ರಕ್ಷಣೆ ಇರಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಯಾರು ಯಾವ ಫೈಲ್ ತೆರೆದರು ಎಂದು ತಿಳಿಯಲು ಇರುವುದು ಆಡಿಟ್ ಲಾಗ್ ಒಂದೇ. ಮೂವರ ಕೆಲಸ ಒಬ್ಬರ ಹೆಸರಲ್ಲಿದ್ದರೆ ಆ ಲಾಗ್ ಏನು ಹೇಳೀತು? ಗುಟ್ಟು ಕಾಯಲು ಇಟ್ಟ 3 ನಿಮಿಷದ ಬೀಗವೇ ಅದನ್ನು ಕೆಡಿಸಿತ್ತು.

ಅಸೈನ್‌ಮೆಂಟನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ತೋರಿಸಿದೆ. "ಇದನ್ನು ಐ.ಟಿ.ಯವರ ಮುಂದೆ ನೀನೇ ಹೇಳಮ್ಮ, ನಾನು ಜೊತೆಗಿರ್ತೀನಿ" ಎಂದರು. ಎರಡು ತಿಂಗಳಲ್ಲಿ ಮೂರು ಬದಲಾವಣೆ ಆದವು. ಐ.ಡಿ. ಕಾರ್ಡ್ ತಾಗಿಸಿದರೆ ಲಾಗಿನ್ ಆಗುತ್ತದೆ. ಪರದೆ 3 ನಿಮಿಷಕ್ಕೇ ಮುಚ್ಚುತ್ತದೆ, ಆದರೆ ಕಾರ್ಡ್ ತಾಗಿಸಿದರೆ ಅರ್ಧ ಬರೆದ ಪುಟ ಹಾಗೇ ತೆರೆಯುತ್ತದೆ. ಉಸಿರಾಟದ ಜಾಗಕ್ಕೆ ನಕಲು ಬಟನ್ ಕೆಲಸ ಮಾಡುವುದಿಲ್ಲ, 'ಎಣಿಸಿಲ್ಲ' ಎಂಬ ಆಯ್ಕೆ ಇದೆ.

ಒಂದು ತಿಂಗಳ ನಂತರ ಮತ್ತೊಂದು ರಾತ್ರಿಯ ದಾಖಲೆ ನೋಡಿದೆ. ಉಸಿರಾಟ 14ರಿಂದ 26ರವರೆಗೆ ಹರಡಿತ್ತು. ಸೇವ್ ಆದ ಸಮಯ 2.05ರಿಂದ 3.20. ನಾಲ್ಕು ಕಡೆ 'ಎಣಿಸಿಲ್ಲ' ಎಂದಿತ್ತು. ದಾಖಲೆ ಅಪೂರ್ಣ ಎಂದು ಗುಣಮಟ್ಟ ವಿಭಾಗದವರು ಅದಕ್ಕೆ ಅಂಕ ಕಡಿಮೆ ಕೊಟ್ಟರು. ನಾನು ಒಪ್ಪುವುದಿಲ್ಲ. 'ಎಣಿಸಿಲ್ಲ' ಎಂದಿದ್ದರೆ ಮುಂದಿನ ಪಾಳಿಯವರು ಹೋಗಿ ಎಣಿಸುತ್ತಾರೆ. ಸುಳ್ಳು 18 ಇದ್ದರೆ ಯಾರೂ ಆ ಹಾಸಿಗೆಯ ಹತ್ತಿರ ಹೋಗುವುದಿಲ್ಲ.

ಇನ್ನೂ ಸರಿಯಾಗದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ನರ್ಸಿಂಗ್ ನೋಟ್ಸ್ ಬಿಲ್ಲಿಂಗ್‌ನವರಿಗೂ ಕಾಣುತ್ತದೆ. ಒಂದು ಸಂಜೆ ಒಬ್ಬ ಹೆಂಗಸು ಮೈಮೇಲಿನ ಬಾಸುಂಡೆ ತೋರಿಸಿ, ಗಂಡ ಹೊಡೆದದ್ದು ಎಂದರು. ಯಾರಿಗೂ ಹೇಳಬೇಡಿ ಸಿಸ್ಟರ್ ಅಂತ ಕೈ ಹಿಡಿದುಕೊಂಡರು. ಗಂಡನ ಕಡೆಯವರೊಬ್ಬರು ನಮ್ಮ ಕೌಂಟರಿನಲ್ಲೇ ಕೆಲಸಕ್ಕಿದ್ದರು. ನಾನು ನೋಟ್ಸಿನಲ್ಲಿ 'ತೋಳಿನ ಮೇಲೆ ಗಾಯದ ಗುರುತು' ಎಂದಷ್ಟೇ ಬರೆದೆ. ಡ್ಯೂಟಿ ಡಾಕ್ಟರಿಗೆ ಬಾಯಲ್ಲಿ ಹೇಳಿದೆ. ಮರುದಿನ ಬಂದ ಡಾಕ್ಟರಿಗೆ ಅದು ತಲುಪಲೇ ಇಲ್ಲ, ಆಕೆ ಡಿಸ್‌ಚಾರ್ಜ್ ಆಗಿ ಅದೇ ಮನೆಗೆ ಹೋದರು. ಬರೆಯಲು ಸುರಕ್ಷಿತ ಜಾಗ ಇಲ್ಲದಿದ್ದರೆ ಬೇಕಾದ ಮಾತೇ ದಾಖಲೆಯಿಂದ ಹೊರಗೆ ಉಳಿಯುತ್ತದೆ. ಚಿಕಿತ್ಸೆ ಕೊಡುವವರಿಗಷ್ಟೇ ಕಾಣುವ, ಬೇರೆಯವರು ತೆರೆಯಬೇಕಾದರೆ ಕಾರಣ ಬರೆಯಲೇಬೇಕಾದ ನೋಟ್ ಬೇಕೆಂದು ಕೇಳಿದ್ದೇವೆ. ಮುಂದಿನ ಅಪ್‌ಡೇಟಿನಲ್ಲಿ ಬರುತ್ತದಂತೆ.

ಈಗ ನನ್ನ ಅಂಕ 5ಕ್ಕೆ 3.5. ಬದಲಾವಣೆಗೆ ಮುಂಚೆ ಕೇಳಿದ್ದರೆ 2 ಕೊಡುತ್ತಿದ್ದೆ.

ನಿಮ್ಮ ಆಸ್ಪತ್ರೆ ಹೊಸ ಸಾಫ್ಟ್‌ವೇರ್ ತರುತ್ತಿದ್ದರೆ, ಡೆಮೊ ದಿನ ಕಂಪನಿಯವರ ಲ್ಯಾಪ್‌ಟಾಪಿನಲ್ಲಿ ಸುಮ್ನೆ ನೋಡಬೇಡಿ. ವಾರ್ಡಿಗೆ ಕರೆತನ್ನಿ. ಒಬ್ಬ ರೋಗಿಯ ವೈಟಲ್ಸ್ ಅರ್ಧ ತುಂಬಿಸಿ, ಐದು ನಿಮಿಷ ಬೇರೆ ಹಾಸಿಗೆಯ ಹತ್ತಿರ ನಿಂತು, ವಾಪಸ್ ಬಂದು ಏನು ಉಳಿದಿದೆ ನೋಡಿ. ಆಮೇಲೆ ಬಿಲ್ಲಿಂಗ್‌ನವರ ಲಾಗಿನ್‌ನಲ್ಲಿ ಅದೇ ರೋಗಿಯ ಪುಟ ತೆರೆಸಿ.