ಪ್ರಶಂಸಾ ಪತ್ರ ಪ್ರಿಂಟ್ ಮಾಡಿಸೋರು ದಯವಿಟ್ಟು ಇದನ್ನ ಓದಿ, ಸೀಲಿಗೆ ಜಾಗ ಇಲ್ದೆ ನಮ್ಮ ಮಾನ ಹೋಯ್ತು

ಅಂಗಡಿ ಹೆಸರು ಬರೆಯಲ್ಲ, ಮಡಿಕೇರಿಲಿ ಇರೋದು ಅಷ್ಟೇ ಹೇಳ್ತೀನಿ. ಹದಿನೈದು ದಿನ ಆದ್ರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದೀನಿ.

ಕಳೆದ ಮಳೆಗಾಲದಲ್ಲಿ ನಮ್ಮೂರ ಶಾಲೆಲಿ ಪರಿಹಾರ ಕೇಂದ್ರ ಆಗಿತ್ತಲ್ಲ, ಅಲ್ಲಿ ಅಡುಗೆ ಮಾಡಿದೋರು, ಸಾಮಾನು ಹೊತ್ತೋರು, ರಾತ್ರಿ ಕಾವಲು ಕೂತ ಹುಡುಗರು ಎಲ್ಲಾ ಸೇರಿ 42 ಜನ. ಹುತ್ತರಿ ಕಳೆದ ಮೇಲಿನ ಭಾನುವಾರ ಅವರಿಗೆಲ್ಲ ಸಂಘದಿಂದ ಪ್ರಶಂಸಾ ಪತ್ರ ಕೊಡೋಣ ಅಂತ ತೀರ್ಮಾನ ಆಯ್ತು. ಕಾರ್ಯದರ್ಶಿ ಆಗಿರೋದ್ರಿಂದ ಕೆಲಸ ನನ್ನ ತಲೆಗೆ ಬಂತು. ಅವರಲ್ಲಿ ಅರ್ಧಕ್ಕರ್ಧ ಕಾಲೇಜು ಮಕ್ಕಳು, ಮುಂದೆ ಎಲ್ಲಾದ್ರೂ ತೋರಿಸ್ಬೇಕಾಗತ್ತೆ, ಸಹಿ ಸೀಲು ಇಲ್ಲದ ಪತ್ರ ಇಟ್ಕೊಂಡು ಅವರೇನು ಮಾಡ್ತಾರೆ ಹೇಳಿ.

ಅದಕ್ಕೇ ನಾನು ಎ4 ಹಾಳೆ ಅಡ್ಡ ಇಟ್ಟು ಸ್ಕೇಲಲ್ಲಿ ಗೆರೆ ಹಾಕಿ ಕೊಟ್ಟಿದ್ದೆ. ಮೇಲೆ ಸಂಘದ ಹೆಸರು, ಕೆಳಗೆ "ಪ್ರಶಂಸಾ ಪತ್ರ", ಆಮೇಲೆ ಒಕ್ಕಣೆ:

"ಶ್ರೀ/ಶ್ರೀಮತಿ/ಕು. ............ ಅವರು ದಿನಾಂಕ ...... ರಿಂದ ...... ರವರೆಗೆ ನಮ್ಮ ಗ್ರಾಮದ ಪರಿಹಾರ ಕೇಂದ್ರದಲ್ಲಿ ಸ್ವಯಂಸೇವಕರಾಗಿ ............ ಕೆಲಸದಲ್ಲಿ ನಿಸ್ವಾರ್ಥ ಸೇವೆ ಸಲ್ಲಿಸಿದ್ದಾರೆ. ಅವರ ಸೇವೆಯನ್ನು ಸ್ಮರಿಸಿ ಸಂಘವು ಕೃತಜ್ಞತೆಯಿಂದ ಈ ಪತ್ರ ನೀಡಿದೆ."

ಹೆಸರಿನ ಚುಕ್ಕಿ ಗೆರೆ ಉದ್ದ ಬಿಡಿ ಅಂತನೂ ಹೇಳಿದ್ದೆ, ನಮ್ಮ ಕಡೆ ಮನೆತನದ ಹೆಸರು ಮುಂದೆ ಬರತ್ತೆ, ಆಮೇಲೆ ಸ್ವಂತ ಹೆಸರು, ಗಿಡ್ಡ ಗೆರೆಲಿ ಹಿಡಿಯಲ್ಲ. ಕೆಳಗಿನ 55 ಮಿಲಿಮೀಟರ್ ಪೂರ್ತಿ ಸಹಿಗೇ ಮೀಸಲು. ಎಡಕ್ಕೆ ಕಾರ್ಯದರ್ಶಿ, ಬಲಕ್ಕೆ ಅಧ್ಯಕ್ಷರು, ಒಂದೊಂದು ಗೆರೆ 65 ಮಿಲಿಮೀಟರ್ ಅಗಲ, ಗೆರೆ ಮೇಲೆ 25 ಖಾಲಿ, ಗೆರೆ ಕೆಳಗೆ ಹೆಸರು ಮತ್ತೆ ಹುದ್ದೆ. ನಡುವೆ ಸೀಲಿಗೆ ಖಾಲಿ ಜಾಗ. ನಮ್ಮ ರಬ್ಬರ್ ಸೀಲು ದುಂಡಗಿದೆ, 40 ಮಿಲಿಮೀಟರ್, ಅದನ್ನ ಆ ಹಾಳೆ ಮೇಲೇ ಒತ್ತಿ ತೋರಿಸಿದ್ದೆ. ಇನ್ನೇನು ಮಾಡ್ಬೇಕಿತ್ತು ನಾನು?

"ಆಯ್ತು ಅಕ್ಕ, ಇದೆಲ್ಲ ನಮಗೆ ದಿನಾ ಇರೋ ಕೆಲಸ" ಅಂದ್ರು. ಒಂದಕ್ಕೆ 55 ರೂಪಾಯಿ, ಒಟ್ಟು 2310, ಅಡ್ವಾನ್ಸ್ 1500 ಕೊಟ್ಟು ಬಂದೆ.

ಎರಡು ದಿನ ಬಿಟ್ಟು ರಾತ್ರಿ ಹತ್ತು ಗಂಟೆಗೆ ವಾಟ್ಸಾಪಲ್ಲಿ ಫೋಟೋ ಬಂತು. ಅಂಗೈ ಅಷ್ಟು ಸ್ಕ್ರೀನಲ್ಲಿ ನೋಡ್ದೆ, ಕಾಗುಣಿತ ನೋಡ್ದೆ, ತಾರೀಕು ನೋಡ್ದೆ, ಎಲ್ಲಾ ಸರಿ ಇತ್ತು, ಸಹಿ ಗೆರೆ ಎರಡೂ ಇತ್ತು. ನಡುವೆ ಬಂಗಾರದ ಬಣ್ಣದಲ್ಲಿ ರಿಬ್ಬನ್ ಇರೋ ದುಂಡು ಚಿತ್ರ ಒಂದಿತ್ತು, ಸೀಲು ಇಲ್ಲಿ ಬರತ್ತೆ ಅಂತ ಗುರುತಿಗೆ ಇಟ್ಟಿದಾರೆ ಅಂದ್ಕೊಂಡೆ. ಓಕೆ ಅಂತ ಕಳಿಸ್ಬಿಟ್ಟೆ. ಆ ಎರಡಕ್ಷರ ಈಗಲೂ ಚುಚ್ಚತ್ತೆ.

ಶನಿವಾರ ಸಂಜೆ ಕಟ್ಟು ತಗೊಂಡು ಅಧ್ಯಕ್ಷರ ಮನೆಗೆ ಹೋದೆ. ಥಳಥಳ ಹೊಳೀತಿತ್ತು, ಗ್ಲಾಸಿ ಲ್ಯಾಮಿನೇಷನ್ ಮಾಡಿದ್ರು, ನಾನು ಕೇಳಿರ್ಲಿಲ್ಲ. ಅಧ್ಯಕ್ಷರು ಪೆನ್ನು ತಗೊಂಡು ಸಹಿ ಹಾಕೋಕೆ ಹೋದ್ರೆ ಗೆರೆ ಮೇಲೆ ಜಾಗನೇ ಇಲ್ಲ, ಅವರ ಸಹಿ ಮೇಲಿನ ಸಾಲಿನ "ಕೃತಜ್ಞತೆಯಿಂದ" ಅನ್ನೋದರ ಮೇಲೆ ಹತ್ತಿತು. ಪೆನ್ನಿನ ಇಂಕು ಒಣಗ್ಲೇ ಇಲ್ಲ, ಕೈ ತಾಗಿ ಉದ್ದಕ್ಕೂ ಎಳೆದ್ಹಂಗಾಯ್ತು. ನಾನು ಸೀಲು ಒತ್ತಿದೆ. ಬಂಗಾರದ ಚಿತ್ರದ ಮೇಲೆ ನೇರಳೆ ಇಂಕು ಕಾಣಲೇ ಇಲ್ಲ, ಪಕ್ಕಕ್ಕೆ ಒತ್ತಿದ್ರೆ ಇಂಕು ಹನಿ ಹನಿಯಾಗಿ ಕೂತ್ಕೊಂತು, ಬೆರಳು ತಾಗಿಸಿದ್ರೆ ಪೂರ್ತಿ ಅಳಿಸಿ ಬಂತು. "ಏನಮ್ಮಾ ಇದು" ಅಂದ್ರು ಅಧ್ಯಕ್ಷರು, ಅಷ್ಟೇ. ಬೈದಿದ್ರೂ ಪರವಾಗಿರ್ಲಿಲ್ಲ.

ಸ್ಕೇಲ್ ಇಟ್ಟು ಅಳೆದೆ. ಗೆರೆ ಮೇಲೆ 25 ಕೇಳಿದ್ದಲ್ಲಿ 12 ಇತ್ತು. ಕೊನೆ ಸಾಲಿಂದ ಕೆಳಗಿನ ಬಾರ್ಡರ್ ತನಕ ಎಲ್ಲಾ ಸೇರಿ 32. ಅಲ್ಲಿ 40ರ ಸೀಲು ಹೆಂಗೆ ಕೂರತ್ತೆ? ಅಂಗಡಿಗೆ ಫೋನ್ ಮಾಡ್ದೆ.

"ಅಕ್ಕ ನೀವೇ ಓಕೆ ಅಂದ್ರಲ್ಲ."

ಅಳತೆ ಕೊಟ್ಟಿದ್ದೆನಲ್ಲ ಅಂದ್ರೆ, "ಕನ್ನಡದಲ್ಲಿ ಸಾಲು ಜಾಸ್ತಿ ಜಾಗ ತಗೊಂತು ಅಕ್ಕ, ಏನ್ ಮಾಡೋದು."

ಆ ಬಂಗಾರದ ಚಿತ್ರ ಯಾಕೆ ಹಾಕಿದ್ರಿ ಅಂದ್ರೆ, "ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ ಅಕ್ಕ."

ಲ್ಯಾಮಿನೇಷನ್? "ಫ್ರೀಯಾಗಿ ಮಾಡ್ಕೊಟ್ಟಿದೀವಿ, ನಮ್ಮ ಮಳೆಗೆ ಕಾಗದ ಬೂಸ್ಟು ಹಿಡಿಯಲ್ವಾ."

ಕನ್ನಡ ಜಾಸ್ತಿ ಜಾಗ ತಗೊಂತು ಅನ್ನೋದು ಮಾತ್ರ ನಿಜ, ಆದ್ರೆ ತಪ್ಪು ಯಾರದ್ದು? ಅವರು ತಗೊಂಡಿದ್ದು ಇಂಗ್ಲಿಷ್ ಪತ್ರದ ರೆಡಿ ಡಿಸೈನ್. ಇಂಗ್ಲಿಷ್ ಸಾಲುಗಳು ಹತ್ತಿರ ಹತ್ತಿರ ಇದ್ರೂ ನಡೆಯತ್ತೆ, ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯತ್ತೆ, ಗುಡಿಸು ಮೇಲೆ ಏರತ್ತೆ, ಒಂದಕ್ಕೊಂದು ತಾಗತ್ತೆ. ಅದಕ್ಕೆ 8 ಮಿಲಿಮೀಟರ್ ಇದ್ದ ಸಾಲಿನ ಅಂತರ 11 ಮಾಡಿದಾರೆ, ಐದು ಸಾಲಿಗೆ 15 ಮಿಲಿಮೀಟರ್ ಅಲ್ಲೇ ಹೋಯ್ತು, ತಲೆಬರಹ ಬೇರೆ ದೊಡ್ಡದು ಮಾಡಿದಾರೆ. ಬಾರ್ಡರ್ ಸಣ್ಣ ಮಾಡ್ಬಹುದಿತ್ತು, ಅಕ್ಷರ ಒಂಚೂರು ಇಳಿಸ್ಬಹುದಿತ್ತು, ಅದೆಲ್ಲ ಬಿಟ್ಟು ಸಹಿ ಜಾಗನೇ ತಿಂದಿದಾರೆ, ಯಾಕಂದ್ರೆ ಅದು ಖಾಲಿ ಇತ್ತು. ನಾನು ಬೇಕಂತಲೇ ಖಾಲಿ ಬಿಟ್ಟ ಜಾಗ ಅದು!

ಮಾರನೇ ದಿನ ಕಾರ್ಯಕ್ರಮದಲ್ಲಿ ಸೀಲು ಇಲ್ಲದ ಪತ್ರನೇ ಕೊಟ್ವಿ. ಸಹಿನ ಪರ್ಮನೆಂಟ್ ಮಾರ್ಕರಲ್ಲಿ ಹಾಕಿಸ್ದೆ, ಅದು ನಿಂತ್ಕೊಂತು, ಸೀಲಿಗೆ ಏನೂ ದಾರಿ ಇರ್ಲಿಲ್ಲ. ಅಡುಗೆ ಮನೆಲಿ ದಿನವಿಡೀ ನಿಂತಿದ್ದ ಒಬ್ಬರು ಅಕ್ಕ ಪತ್ರ ತಿರುಗಿಸಿ ನೋಡಿ "ಸೀಲು ಹಾಕಿಲ್ವಲ್ಲಾ" ಅಂದಾಗ ನನಗೆ ತಲೆ ಎತ್ತೋಕಾಗ್ಲಿಲ್ಲ.

ಆಮೇಲೆ ಕುಶಾಲನಗರದಲ್ಲಿ ಬೇರೆ ಕಡೆ ಮಾಡಿಸ್ದೆ, 250 ಜಿಎಸ್ಎಂ ಐವರಿ ಕಾರ್ಡು, ಲ್ಯಾಮಿನೇಷನ್ ಇಲ್ಲ. ಹೊಳಪಿರಲಿ ಮ್ಯಾಟ್ ಇರಲಿ ಲ್ಯಾಮಿನೇಷನ್ ಅಂದ್ರೆ ಪ್ಲಾಸ್ಟಿಕ್ಕೇ, ಸೀಲಿನ ಇಂಕು ಹೀರಲ್ಲ. ಬೂಸ್ಟಿನ ಭಯ ಇದ್ರೆ ಸಹಿ ಸೀಲು ಎಲ್ಲಾ ಆಗಿ ಒಣಗಿದ ಮೇಲೆ ಮಾಡಿಸ್ಕೊಳ್ಳಿ. ಈ ಸಲ ಫೋನಲ್ಲಿ ನೋಡ್ಲಿಲ್ಲ, ಪಿಡಿಎಫ್ ತಗೊಂಡು ಸಾದಾ ಎ4 ಹಾಳೆಲಿ Actual size ಇಟ್ಟು ಪ್ರಿಂಟ್ ತೆಗೆಸ್ದೆ, Fit ಅಂತ ಇದ್ರೆ ಎಲ್ಲಾ ಕುಗ್ಗಿ ಬರತ್ತೆ, ಅಳತೆ ಸುಳ್ಳಾಗತ್ತೆ. ಆ ಹಾಳೆ ಮೇಲೆ ಅಧ್ಯಕ್ಷರ ಕೈಲಿ ಸಹಿ ಹಾಕಿಸಿ, ಸೀಲು ಒತ್ತಿ ನೋಡಿ, ಆಮೇಲೇ ಓಕೆ ಅಂದಿದ್ದು. ಕಾರ್ಡಿನ ಒಂದು ತುಂಡು ಕೇಳಿ ಅದರ ಮೇಲೂ ಸೀಲು ಒತ್ತಿ ಉಜ್ಜಿ ನೋಡಿದೆ. ನೀವೂ ಅಷ್ಟು ಮಾಡಿ, ಅಂಗಡಿಯೋರು ದಿನಾ ಮಾಡೋ ಕೆಲಸ ಅಂದ್ರೂ ಮಾಡಿ.

ಹೊಸ ಪತ್ರ 36 ಜನಕ್ಕೆ ಮನೆಮನೆಗೆ ಹೋಗಿ ಕೊಟ್ಟಾಯ್ತು, ಇನ್ನು ಆರು ಬಾಕಿ. ಮೊದಲಿನ ಅಂಗಡಿಯಿಂದ ನಿನ್ನೆ ಕೂಡ ಫೋನ್ ಬಂದಿತ್ತು, ಬಾಕಿ 810 ರೂಪಾಯಿ ಯಾವಾಗ ಕೊಡ್ತೀರಿ ಅಕ್ಕ ಅಂತ. ಕೊಡಲ್ಲ ಅಂದಿದೀನಿ.