ಒಂದೇ ಯೂಟ್ಯೂಬ್ ವಿಡಿಯೊ, ಹಲವು ಭಾಷೆಯ ನೋಡುಗರು: ಸಬ್‌ಟೈಟಲ್, ಟೈಟಲ್, ಡಬ್ಬಿಂಗ್‌ಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಯಿಂದ ತಿದ್ದಿದ ಸಬ್‌ಟೈಟಲ್ ಮತ್ತು ಕೈಯಿಂದಲೇ ಬರೆದ ಅನುವಾದಿತ ಟೈಟಲ್‌ಗೆ. ಬೇರೆ ಭಾಷೆಯ ಆಡಿಯೊ ಟ್ರ್ಯಾಕ್ ಒಳ್ಳೆಯದೇ, ಆದರೆ ಅದು ದುಡ್ಡು ಮತ್ತು ತಾಳ್ಮೆ ಎರಡೂ ಇದ್ದವರ ಕೆಲಸ. ಯಂತ್ರ ಕೊಟ್ಟ ಸಬ್‌ಟೈಟಲನ್ನು ತಿದ್ದದೆ ಹಾಗೇ ಬಿಡುವುದು ಕಡೆಯ ಸ್ಥಾನ.

ಹೋಲಿಕೆಗೆ ಒಂದು ವಿಡಿಯೊ ಇಟ್ಟುಕೊಳ್ಳೋಣ. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ತಯಾರಿಸುವ ಹತ್ತು ನಿಮಿಷದ ಕನ್ನಡ ವಿಡಿಯೊ. ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಮಾಡಬಾರದು. ಇದೇ ರೋಗ ಗಡಿಯಾಚೆ ಕೇರಳದ ತೋಟಗಳಲ್ಲೂ ಇರುವುದರಿಂದ ಮಲಯಾಳಂ ನೋಡುಗರು ನಿಜವಾಗಿಯೂ ಇದ್ದಾರೆ.

ಯಂತ್ರದ ಸಬ್‌ಟೈಟಲ್ ಎಡವುವುದು ಸರಿಯಾಗಿ ಆ ಸುರಿಯುವ ವಾಕ್ಯದಲ್ಲೇ. ನಾವು ಮಾತಾಡುವಾಗ ‘ತುತ್ತದ್ ನೀರ್ನ ಸುಣ್ಣದ್ ನೀರಿಗ್ ಹಾಕಿ’ ಎಂದು ಕೊನೆ ನುಂಗಿ ಹೇಳುತ್ತೇವೆ. ಯಾವುದನ್ನು ಯಾವುದಕ್ಕೆ ಎಂಬುದೆಲ್ಲ ಆ ನುಂಗಿದ ವಿಭಕ್ತಿ ಪ್ರತ್ಯಯದಲ್ಲೇ ಇರುವುದು. ಯಂತ್ರ ಅದನ್ನು ಬಿಟ್ಟರೆ ವಾಕ್ಯ ನೋಡಲು ಸರಿಯಾಗೇ ಕಾಣುತ್ತದೆ, ದಿಕ್ಕು ಮಾತ್ರ ಹೋಗಿರುತ್ತದೆ. ನೋಡುಗ ತನ್ನ ಫೋನಿನಲ್ಲಿ ‘ಸ್ವಯಂ ಅನುವಾದ’ ಒತ್ತಿದಾಗ ಇದೇ ದಿಕ್ಕು ತಪ್ಪಿದ ಸಾಲು ಮಲಯಾಳಂ, ಹಿಂದಿ, ಇಂಗ್ಲಿಷ್ ಎಲ್ಲಕ್ಕೂ ಹೋಗುತ್ತದೆ, ಏಕೆಂದರೆ ಅನುವಾದವಾಗುವುದು ನಮ್ಮ ದನಿಯಲ್ಲ, ಆ ಸಬ್‌ಟೈಟಲ್ ಸಾಲು. ಮೂಲವೊಂದನ್ನು ತಿದ್ದಿದರೆ ಉಳಿದೆಲ್ಲ ಭಾಷೆಯೂ ಅಷ್ಟರಮಟ್ಟಿಗೆ ಸುಧಾರಿಸುತ್ತದೆ. ನನ್ನ ಒಲವಿಗೆ ದೊಡ್ಡ ಕಾರಣ ಇದೇ.

ತಿದ್ದುವ ಮೊದಲು ಯೂಟ್ಯೂಬ್ ಸ್ಟುಡಿಯೊದ ವಿಡಿಯೊ ವಿವರಗಳ ಪುಟದಲ್ಲಿ `Video language` ಏನಿದೆ ನೋಡಿ. ಅಪ್‌ಲೋಡ್ ಡೀಫಾಲ್ಟ್‌ನಲ್ಲಿ ಇಂಗ್ಲಿಷ್ ಎಂದಿದ್ದರೆ ಯಂತ್ರ ಕನ್ನಡ ಮಾತನ್ನು ಇಂಗ್ಲಿಷ್ ಎಂದೇ ಕೇಳಿಸಿಕೊಂಡು ಅರ್ಥವಿಲ್ಲದ ಪದಗಳನ್ನು ಸುರಿಯಬಹುದು. ಕನ್ನಡದ ಕರಡು ಬಂದಿದ್ದರೆ ಅದನ್ನು ನಕಲು ಮಾಡಿ ತಿದ್ದಿ. ಬಂದಿರದಿದ್ದರೆ ಪ್ರತಿ ಸಾಲಿನ ಜೊತೆ ಅದರ ಸಮಯವೂ ಇರುವ ಎಸ್‌ಆರ್‌ಟಿ ಕಡತ ಮಾಡಿ ಏರಿಸಬೇಕು. ಅದರ ಒಂದು ತುಣುಕು ಹೀಗಿರುತ್ತದೆ:

```
41
00:03:41,200 --> 00:03:45,000
ಮೈಲುತುತ್ತದ ನೀರನ್ನು
ಸುಣ್ಣದ ನೀರಿಗೆ ಸುರಿಯಿರಿ
```

ಇಲ್ಲಿ ಆಡಿದ ಮಾತನ್ನು ಅಕ್ಷರಶಃ ಇಳಿಸಿಲ್ಲ, ಪ್ರತ್ಯಯ ಬಿಡಿಸಿ ಬರೆದಿದೆ. ಯಂತ್ರ ಅನುವಾದಕ್ಕೆ ಇದರಷ್ಟು ಸಹಾಯ ಇನ್ನೊಂದಿಲ್ಲ. ಕಡತವನ್ನು ಯುಟಿಎಫ್-8ನಲ್ಲೇ ಉಳಿಸಿ. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಪಠ್ಯ ನಿಮ್ಮ ಕಂಪ್ಯೂಟರಿನಲ್ಲಿ ಚೆಂದ ಕಂಡರೂ ಪರದೆಯ ಮೇಲೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ಡಿಟಿಪಿ ಅಂಗಡಿಗೆ ಟೈಪಿಂಗ್ ಕೊಡುವವರು ಇದನ್ನು ಮೊದಲೇ ಹೇಳಿಬಿಡಿ.

ಮಲಯಾಳಂ ಸಬ್‌ಟೈಟಲ್ ಬೇಕಾದರೆ ಹೊಸದಾಗಿ ಸಮಯ ಹಾಕುವ ಗೋಜಿಗೆ ಹೋಗಬೇಡಿ. ತಿದ್ದಿದ ಕನ್ನಡ ಕಡತದ ಸಮಯ ಹಾಗೇ ಇರಲಿ, ಸಾಲು ಮಾತ್ರ ಬದಲಿಸಿ. ಸಮಯವಿಲ್ಲದ ಬರಹವನ್ನು ಯೂಟ್ಯೂಬ್ ತಾನಾಗಿ ಹೊಂದಿಸಿಕೊಳ್ಳುವುದು ಆ ಬರಹವೂ ವಿಡಿಯೊದ ಮಾತೂ ಒಂದೇ ಭಾಷೆಯಲ್ಲಿದ್ದಾಗ ಮಾತ್ರ.

ಟೈಟಲ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಅಗ್ಗ, ಬೇಗ, ಕೈಬಿಡಲು ಕಾರಣವೇ ಇಲ್ಲ. ಸಬ್‌ಟೈಟಲ್ ಎಷ್ಟೇ ಚೆನ್ನಾಗಿದ್ದರೂ ಕನ್ನಡ ಲಿಪಿಯ ಟೈಟಲ್ ಕಂಡ ಮಲಯಾಳಿ ಅದನ್ನು ಒತ್ತುವುದೇ ಕಡಿಮೆ. ಸ್ಟುಡಿಯೊದಲ್ಲಿ `Add language` ಒತ್ತಿ ಆ ಭಾಷೆಯ ಟೈಟಲ್, ವಿವರಣೆ ಎರಡನ್ನೂ ತುಂಬಿ. ಟೈಟಲ್‌ಗೆ ಮಿತಿ 100 ಅಕ್ಷರ. ಪದಕ್ಕೆ ಪದ ಅನುವಾದಿಸದೆ ಅಲ್ಲಿನ ಕೃಷಿಕರು ಹುಡುಕುವ ಹೆಸರನ್ನೇ ಹಾಕಬೇಕು. ಕೊಳೆರೋಗ ಕೇರಳದಲ್ಲಿ ‘ಮಹಾಳಿ’, ಮೈಲುತುತ್ತ ‘ತುರಿಶ್’. ಥಂಬ್‌ನೇಲ್‌ನಲ್ಲಿ ಕನ್ನಡ ಬರಹ ತುಂಬಿದ್ದರೆ ಈ ಕೆಲಸ ಅರ್ಧ ವ್ಯರ್ಥ. ನೀಲಿ ದ್ರಾವಣದ ಡ್ರಮ್, ಕೊಳೆತ ಕಾಯಿ, ‘1%’ ಇಷ್ಟು ಸಾಕು.

ಈಗ ಆಡಿಯೊ ಟ್ರ್ಯಾಕ್. 2023ರ ಫೆಬ್ರುವರಿಯಲ್ಲಿ ಯೂಟ್ಯೂಬ್ ಈ ಸೌಲಭ್ಯವನ್ನು ಕೆಲವು ಚಾನೆಲ್‌ಗಳಿಗೆ ಪ್ರಕಟಿಸಿತು, 2025ರ ಸೆಪ್ಟೆಂಬರ್‌ನಿಂದ ಹೆಚ್ಚಿನವರಿಗೆ ತೆರೆಯತೊಡಗಿತು. ಕೈಯಲ್ಲಿ ಕೊಡಲಿ, ಕೊಡ ಹಿಡಿದು ಕೆಲಸ ಮಾಡುತ್ತಾ ಕೇಳುವವರಿಗೆ, ಓದಲು ಕಷ್ಟಪಡುವ ಹಿರಿಯರಿಗೆ ಸಬ್‌ಟೈಟಲ್‌ಗಿಂತ ಇದೇ ಮೇಲು, ಆ ಮಾತು ಒಪ್ಪಲೇಬೇಕು. ವೀಕ್ಷಣೆ, ಕಾಮೆಂಟು ಎಲ್ಲ ಒಂದೇ ವಿಡಿಯೊಗೆ ಸೇರುತ್ತವೆ, ಭಾಷೆಗೊಂದು ಚಾನೆಲ್ ಸಾಕುವ ತಲೆನೋವಿಲ್ಲ.

ಪೇಚಾಟ ಬರುವುದು ಹಿನ್ನೆಲೆ ಸದ್ದಿನಿಂದ. ಹೊಸ ಟ್ರ್ಯಾಕ್ ಹಳೆಯ ದನಿಯ ಮೇಲೆ ಕೂರುವುದಿಲ್ಲ, ವಿಡಿಯೊದ ಇಡೀ ಸದ್ದಿನ ಜಾಗವನ್ನೇ ಹಿಡಿಯುತ್ತದೆ. ಮಲಯಾಳಂ ಮಾತು ಮಾತ್ರ ರೆಕಾರ್ಡ್ ಮಾಡಿ ಏರಿಸಿದರೆ ಸ್ಪ್ರೇಯರಿನ ಗುಡುಗುಡು ಇಲ್ಲ, ನೀರು ಸುರಿಯುವ ಸದ್ದಿಲ್ಲ, ಸಂಗೀತವೂ ಇಲ್ಲ. ಪರದೆಯಲ್ಲಿ ತೋಟ, ಕಿವಿಯಲ್ಲಿ ಮುಚ್ಚಿದ ಕೋಣೆ. ಅದಕ್ಕೆ ಎಡಿಟಿಂಗ್‌ನಲ್ಲಿ ಮಾತನ್ನು ಮ್ಯೂಟ್ ಮಾಡಿ ಉಳಿದ ಸದ್ದನ್ನಷ್ಟೇ ಬೇರೆ ಕಡತವಾಗಿ ಹೊರತೆಗೆದು, ಅದರ ಮೇಲೆ ಮಲಯಾಳಂ ಮಾತು ಜೋಡಿಸಿ, ವಿಡಿಯೊದಷ್ಟೇ ಉದ್ದದ ಒಂದೇ ಕಡತ ಮಾಡಿ ಏರಿಸಬೇಕು.

ಆದರೆ ತೋಟದಲ್ಲಿ ಒಂದೇ ಕಾಲರ್ ಮೈಕಿನಲ್ಲಿ ಹಿಡಿದ ವಿಡಿಯೊದಲ್ಲಿ ಮಾತೂ ಸದ್ದೂ ಒಂದರೊಳಗೊಂದು ಬೆರೆತಿರುತ್ತವೆ. ಮಾತು ತೆಗೆದರೆ ಸದ್ದೂ ಹೋಗುತ್ತದೆ. ಹಳೆಯ ವಿಡಿಯೊಗಳಿಗೆ ಇದಕ್ಕೆ ಸುಲಭದ ಪರಿಹಾರವಿಲ್ಲ. ಮುಂದೆ ಮಾಡುವವುಗಳಿಗೆ ಉಂಟು: ಶೂಟಿಂಗ್ ಮುಗಿದ ಮೇಲೆ ಯಾರೂ ಮಾತಾಡದೆ ಎರಡು ನಿಮಿಷ ತೋಟದ ಸದ್ದು, ಸ್ಪ್ರೇಯರ್ ಓಡುವ ಸದ್ದು, ಕಲಕುವ ಸದ್ದು ಪ್ರತ್ಯೇಕವಾಗಿ ಹಿಡಿದಿಟ್ಟುಕೊಳ್ಳಿ. ಡಬ್ಬಿಂಗ್‌ನ ಮಾತು ಉದ್ದವಾದರೆ ವೇಗ ಹೆಚ್ಚಿಸಬೇಡಿ, ವಾಕ್ಯ ಕತ್ತರಿಸಿ. ದ್ರಾವಣ ಸುರಿಯುವ ದೃಶ್ಯಕ್ಕೂ ಮಾತಿಗೂ ಎರಡು ಸೆಕೆಂಡ್ ತಪ್ಪಿದರೂ ಯಾವ ಡ್ರಮ್ ಯಾವುದು ಎಂಬ ಗೊಂದಲ ಹುಟ್ಟುತ್ತದೆ.

ಯಂತ್ರದ ಡಬ್ಬಿಂಗ್‌ನ ಆಸೆ ಇದ್ದವರಿಗೆ ಒಂದು ಮಾತು. 2024ರ ಡಿಸೆಂಬರ್‌ನಲ್ಲಿ ಅದನ್ನು ವಿಸ್ತರಿಸಿದಾಗಿನ ಪಟ್ಟಿಯಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ನಿಮ್ಮ ಖಾತೆಯಲ್ಲಿ ಈಗ ಏನು ಕಾಣುತ್ತದೆ ಎಂದು ನೋಡಿಕೊಂಡೇ ಲೆಕ್ಕ ಹಾಕಿ. ಸಿಕ್ಕರೂ, ಪ್ರಕಟವಾಗುವ ಮೊದಲು ಪರಿಶೀಲಿಸುವ ಆಯ್ಕೆ ಹಾಕಿಕೊಂಡು ಅಳತೆ ಹೇಳುವ ಭಾಗಗಳನ್ನಾದರೂ ಆ ಭಾಷೆ ಬಲ್ಲವರಿಂದ ಕೇಳಿಸಿ.

ಹಾಗಾದರೆ ದುಡ್ಡು ಎಲ್ಲಿ? ಕೈಯಲ್ಲಿ ಏನೂ ಇಲ್ಲದಿದ್ದರೆ ತಿದ್ದಿದ ಕನ್ನಡ ಸಬ್‌ಟೈಟಲ್, ಮಲಯಾಳಂ ಟೈಟಲ್. ಸ್ವಲ್ಪ ಇದ್ದರೆ ಭಾಷೆ ಬಲ್ಲ ಕೃಷಿಕರೊಬ್ಬರಿಗೆ ಕೊಟ್ಟು ಮಲಯಾಳಂ ಸಬ್‌ಟೈಟಲ್. ಡಬ್ಬಿಂಗ್‌ಗೆ ಕೈಹಾಕುವ ಮೊದಲು ಅನಾಲಿಟಿಕ್ಸ್‌ನ ಸುಧಾರಿತ ನೋಟದಲ್ಲಿ `Subtitles and CC` ವಿಂಗಡಣೆ ತೆರೆದು ಒಂದು ಮಳೆಗಾಲದ ಲೆಕ್ಕ ನೋಡಿ. ಮಲಯಾಳಂ ಸಾಲಿನಲ್ಲಿ ನೋಡಿದ ಸಮಯ ಏರುತ್ತಿದ್ದರೆ ಆ ಒಂದೇ ಭಾಷೆಗೆ, ವರ್ಷವರ್ಷವೂ ಬೇಕಾಗುವ ಇಂಥ ವಿಡಿಯೊಗಳಿಗೆ ಮಾತ್ರ ಡಬ್ ಮಾಡಿಸಿ. ಈ ವಾರದ ಅಡಿಕೆ ಧಾರಣೆಯ ವಿಡಿಯೊಗೆ ಟೈಟಲ್ ಅನುವಾದವೇ ಹೆಚ್ಚಾಯಿತು.